ದಾಳಿಂಬೆಯೋ ಕುಂಕುಮವೋ: ಫೋನಿನ ಪರದೆ ಬಣ್ಣ ಬದಲಿಸುವ ಬಗೆ

ಇಳಕಲ್ ಸೀರೆಯನ್ನು ಈಗ ವಾಟ್ಸ್‌ಆ್ಯಪ್‌ನಲ್ಲಿ ನೋಡಿಯೇ ಆರಿಸುವವರು ಬಹಳ ಮಂದಿ. ಅಂಗಡಿಯವರು ಗಾದಿಯ ಮೇಲೆ ಸೀರೆ ಹರಡಿ ಫೋಟೊ ತೆಗೆದು ಕಳಿಸುತ್ತಾರೆ. ಬೆಂಗಳೂರಲ್ಲೋ ಪುಣೆಯಲ್ಲೋ ಕೂತವರು ಅದನ್ನು ಹಿಗ್ಗಿಸಿ ಒಡಲು, ದಡಿ, ಸೆರಗಿನ ತೋಪ ತೆನಿ ಎಲ್ಲವನ್ನೂ ನೋಡುತ್ತಾರೆ. ನೇಯ್ಗೆಯ ಬಗ್ಗೆ ತಕರಾರು ಬರುವುದು ಕಡಿಮೆ, ಬರುವುದೆಲ್ಲ ಬಣ್ಣದ ಬಗ್ಗೆ. ‘ದಾಳಿಂಬ್ರಿ ಕೇಳಿದ್ದೆ, ಫೋಟೊದಾಗೂ ಹಂಗ ಇತ್ತು, ಬಂದದ್ದು ಬ್ಯಾರೆನ ಆಗೇತ್ರಿ’ ಅನ್ನುವ ಮಾತನ್ನು ಸೀರೆ ಮಾರುವವರು ಕೇಳಿಕೇಳಿ ಸಾಕಾಗಿದ್ದಾರೆ. ಅಂಗಡಿಯವರು ಬೇರೆ ಸೀರೆ ಕಳಿಸಿದರು ಎಂದು ಕೊಂಡವರಿಗೆ ಅನುಮಾನ, ಕೊಂಡವರ ಮನಸ್ಸು ಬದಲಾಗಿದೆ ಎಂದು ಅಂಗಡಿಯವರಿಗೆ ಅನುಮಾನ. ಬಹಳಷ್ಟು ಸಲ ಇಬ್ಬರದೂ ತಪ್ಪಿರುವುದಿಲ್ಲ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಅದೇ ಫೋಟೊವನ್ನು ತಾಯಿಯ ಫೋನಿನಲ್ಲಿ, ಮಗಳ ಫೋನಿನಲ್ಲಿ ತೆರೆದು ಎರಡನ್ನೂ ಪಕ್ಕಪಕ್ಕದಲ್ಲಿ ಇಡಿ. ಒಂದರಲ್ಲಿ ಸೀರೆ ಬೆಳಗುವ ಕುಂಕುಮಗೆಂಪು, ಇನ್ನೊಂದರಲ್ಲಿ ಸ್ವಲ್ಪ ಕಂದು ಬೆರೆತ, ತೂಕವಾದ ದಾಳಿಂಬೆಗೆಂಪು. ಎರಡು ಫೋನೂ ಸರಿಯಾಗಿಯೇ ಕೆಲಸ ಮಾಡುತ್ತಿವೆ. ಒಂದು ‘ವಿವಿಡ್’ ಮೋಡ್‌ನಲ್ಲಿದೆ, ಇನ್ನೊಂದು ‘ನ್ಯಾಚುರಲ್’ನಲ್ಲಿದೆ, ಅಷ್ಟೆ. ಗ್ಯಾಲಕ್ಸಿ ಫೋನುಗಳು ಅಂಗಡಿಯಿಂದ ಬರುವಾಗಲೇ ವಿವಿಡ್‌ನಲ್ಲಿರುತ್ತವೆ. ಹೆಚ್ಚಿನವರು ಆ ಮೆನುವನ್ನು ತೆರೆದೇ ಇರುವುದಿಲ್ಲ.

ಈ ಎರಡು ಮೋಡ್‌ಗಳ ವ್ಯತ್ಯಾಸವನ್ನು ‘ಬಣ್ಣ ಜಾಸ್ತಿ, ಬಣ್ಣ ಕಡಿಮೆ’ ಎಂದು ಹೇಳಿ ಮುಗಿಸುವುದುಂಟು. ಅದರಿಂದ ಆರಿಸಲು ಏನೂ ಸಹಾಯವಾಗುವುದಿಲ್ಲ. ಒಳಗೆ ನಡೆಯುವುದನ್ನು ಒಮ್ಮೆ ತಿಳಿದುಕೊಂಡರೆ ಯಾವಾಗ ಯಾವುದು ಬೇಕು ಎಂಬುದು ತಾನಾಗಿ ಹೊಳೆಯುತ್ತದೆ.

ಫೋಟೊ ಎಂಬುದು ಫೋನಿನ ಮಟ್ಟಿಗೆ ಸಂಖ್ಯೆಗಳ ರಾಶಿ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಸಂಖ್ಯೆ, ಸೊನ್ನೆಯಿಂದ 255ರ ತನಕ. ನಮ್ಮ ಸೀರೆಯ ಒಡಲಿನ ಒಂದು ಚುಕ್ಕಿ 150, 20, 50 ಎಂದಿದೆ ಎಂದುಕೊಳ್ಳೋಣ. 150ರಷ್ಟು ಕೆಂಪು ಸರಿ, ಆದರೆ ಯಾವ ಕೆಂಪಿನಲ್ಲಿ 150? ಟೊಮೆಟೊದ ಕಡೆಗೆ ವಾಲಿದ ಕೆಂಪೋ, ಅದಕ್ಕಿಂತ ಗಾಢವಾದ ಕೆಂಪೋ? ಇದಕ್ಕೆ ಎಲ್ಲರೂ ಒಪ್ಪಿದ ಒಂದು ಅಳತೆ ಬೇಕಾಗುತ್ತದೆ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಸೇರಿ ಎಸ್‌ಆರ್‌ಜಿಬಿ ಎಂಬ ಅಳತೆಯನ್ನು ಮುಂದಿಟ್ಟವು. ಆ ಕಾಲದ ದಪ್ಪ ಗಾಜಿನ ಮಾನಿಟರುಗಳು ತೋರಿಸಬಲ್ಲ ಕೆಂಪು, ಹಸಿರು, ನೀಲಿಗಳೇ ಅದರ ಆಧಾರ. ಅಂತರ್ಜಾಲದ ಬಹುಪಾಲು ಚಿತ್ರಗಳನ್ನು ಇವತ್ತಿಗೂ ಅದೇ ಅಳತೆಯಲ್ಲಿ ಓದಬೇಕು.

ಪರದೆಗಳು ಮಾತ್ರ ಅಲ್ಲೇ ನಿಂತಿಲ್ಲ. ಫೋನುಗಳಲ್ಲಿ ಈಗ ಸಾಮಾನ್ಯವಾಗಿರುವ ಅಮೊಲೆಡ್ ಪರದೆಯ ಕೆಂಪು ಮತ್ತು ಹಸಿರು ಹಳೆಯ ಮಾನಿಟರಿನವಕ್ಕಿಂತ ಬಹಳ ಶುದ್ಧ. ಸಿನಿಮಾ ಪ್ರೊಜೆಕ್ಟರುಗಳಿಗೆಂದು ರೂಪಿಸಿದ ಪಿ3 ಎಂಬ ಇನ್ನೂ ಅಗಲವಾದ ಬಣ್ಣದ ಹರವನ್ನು ಒಳ್ಳೆಯ ಫೋನುಗಳು ಪೂರ್ತಿಯಾಗಿಯೇ ತೋರಿಸುತ್ತವೆ. ಹೀಗಿರುವಾಗ 150, 20, 50 ಎಂಬ ಹಳೆಯ ಅಳತೆಯ ಸಂಖ್ಯೆಗಳನ್ನು ಈ ಹೊಸ ಪರದೆಗೆ ನೇರವಾಗಿ ಕೊಟ್ಟರೆ ಏನಾಗುತ್ತದೆ? ಪರದೆ ತನ್ನದೇ ಶುದ್ಧ ಕೆಂಪಿನಲ್ಲಿ 150ರಷ್ಟು ಬೆಳಗುತ್ತದೆ. ಫೋಟೊದಲ್ಲಿ ಇರದಿದ್ದ ಗಾಢತೆ ಕಣ್ಣಿಗೆ ಬೀಳುತ್ತದೆ. ವಿವಿಡ್ ಮೋಡ್ ಹೆಚ್ಚುಕಡಿಮೆ ಮಾಡುವುದು ಇದನ್ನೇ: ಹಳೆಯ ಅಳತೆಯ ಬಣ್ಣಗಳನ್ನು ಪರದೆಯ ಹರವಿಗೆ ತಕ್ಕಂತೆ ಹಿಗ್ಗಿಸುತ್ತದೆ. ಎಷ್ಟು ಹಿಗ್ಗಿಸಬೇಕೆಂಬುದು ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ.

ನ್ಯಾಚುರಲ್ ಮೋಡ್ ನಡುವೆ ಒಂದು ಲೆಕ್ಕ ಮಾಡುತ್ತದೆ. ‘ಈ ಸಂಖ್ಯೆ ಹಳೆಯ ಅಳತೆಯದು, ಅದೇ ಬಣ್ಣ ಈ ಪರದೆಯ ಮೇಲೆ ಬರಬೇಕಾದರೆ ಏನು ಬೆರೆಸಬೇಕು?’ ಎಂದು ಕೇಳಿಕೊಳ್ಳುತ್ತದೆ. ಪರದೆ ಪಿ3 ಹರವಿನದು ಎಂದುಕೊಂಡರೆ ನಮ್ಮ ಚುಕ್ಕಿಯ 150, 20, 50 ಸುಮಾರು 138, 35, 52 ಆಗುತ್ತದೆ. ಕೆಂಪು ತುಸು ತಗ್ಗಿತು, ಹಸಿರು ಹೆಚ್ಚಿತು. ಪರದೆಯ ಕೆಂಪು ಬೇಕಾದ್ದಕ್ಕಿಂತ ಶುದ್ಧವಾದ್ದರಿಂದ ಅದಕ್ಕೆ ಒಂದಿಷ್ಟು ಹಸಿರು ಬೆರೆಸಿ ಮೂಲದ ಮಟ್ಟಕ್ಕೆ ತರಬೇಕು. ಈ ಹದಿನೈದರಷ್ಟು ಹಸಿರೇ ದಾಳಿಂಬೆಯ ಆ ಕಂದು ಛಾಯೆ. ವಿವಿಡ್‌ನಲ್ಲಿ ಅದು ಬೆರೆಯುವುದಿಲ್ಲವಾಗಿ ಸೀರೆ ಕುಂಕುಮದತ್ತ ಜರುಗುತ್ತದೆ. ಗಿಣಿಹಸಿರಿನ ಸೀರೆಯಾದರೆ ಪಲ್ಲಟ ಇನ್ನೂ ಜಾಸ್ತಿ, ಏಕೆಂದರೆ ಹಳೆಯ ಅಳತೆಗೂ ಪಿ3ಗೂ ಅತಿ ದೊಡ್ಡ ಅಂತರವಿರುವುದು ಹಸಿರಿನಲ್ಲಿ. ನೀಲಿ ಎರಡರಲ್ಲೂ ಒಂದೇ. ಆದ್ದರಿಂದ ಕಡುನೀಲಿ ಸೀರೆಯ ಬಗ್ಗೆ ಈ ತಕರಾರು ಅಷ್ಟಾಗಿ ಏಳುವುದಿಲ್ಲ.

ನ್ಯಾಚುರಲ್ ಎಂದರೆ ಬಣ್ಣವನ್ನು ಕಟ್ಟಿಹಾಕುವ ಮೋಡ್ ಎಂಬ ತಿಳಿವಳಿಕೆ ಇದೆ. ಅದು ಸರಿಯಲ್ಲ. 2017ರಲ್ಲಿ ಬಂದ ಆಂಡ್ರಾಯ್ಡ್ 8 ಆವೃತ್ತಿಯಿಂದ ಫೋನಿಗೆ ಈ ಚಿತ್ರ ಯಾವ ಅಳತೆಯದು ಎಂದು ಗುರುತಿಸುವ ಶಕ್ತಿ ಬಂತು. ಪಿ3 ಅಳತೆಯಲ್ಲೇ ತೆಗೆದ ಫೋಟೊ ಇದ್ದು, ಅದನ್ನು ತೋರಿಸುವ ಆ್ಯಪ್‌ಗೂ ಆ ಅಳತೆ ತಿಳಿದಿದ್ದರೆ ನ್ಯಾಚುರಲ್ ಮೋಡ್ ಆ ಗಾಢ ಬಣ್ಣಗಳನ್ನೂ ಪೂರ್ತಿ ತೋರಿಸುತ್ತದೆ. ಅದು ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ, ಇಲ್ಲದ್ದನ್ನು ಸೇರಿಸುವುದಿಲ್ಲ.

ಹಾಗಿದ್ದರೆ ಎಲ್ಲ ಕಂಪನಿಗಳೂ ನ್ಯಾಚುರಲ್ ಅನ್ನೇ ಮೊದಲಿಗೆ ಏಕೆ ಇಡಬಾರದು? ಇಟ್ಟು ನೋಡಿದವರಿದ್ದಾರೆ. 2017ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 2 ಫೋನನ್ನು ಹಳೆಯ ಅಳತೆಗೆ ನಿಷ್ಠವಾಗಿ ಹೊಂದಿಸಿ ಮಾರಾಟಕ್ಕೆ ಬಿಟ್ಟಿತು. ಬಣ್ಣ ಸತ್ತಂತಿದೆ ಎಂದು ಕೊಂಡವರು ಗೊಣಗಿದರು. ಕೆಲವೇ ವಾರಗಳಲ್ಲಿ ಬಣ್ಣ ಹಿಗ್ಗಿಸುವ ಒಂದು ಮೋಡ್ ಅನ್ನು ಅಪ್‌ಡೇಟ್‌ನಲ್ಲಿ ಸೇರಿಸಬೇಕಾಯಿತು. 2024ರಲ್ಲಿ ಸ್ಯಾಮ್ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನುಗಳಲ್ಲಿ ವಿವಿಡ್ ಮೋಡ್ ಅನ್ನೇ ಹಿಂದಿಗಿಂತ ಹದವಾಗಿಸಿದಾಗಲೂ ಇದೇ ಗಲಾಟೆ. ಮುಂದಿನ ತಿಂಗಳ ಅಪ್‌ಡೇಟ್‌ನಲ್ಲಿ ‘ವಿವಿಡ್‌ನೆಸ್’ ಎಂಬ ಹೊಸ ಸ್ಲೈಡರ್ ಬಂತು. ಗಾಢತೆ ಬೇಕಾದವರು ತಾವೇ ಏರಿಸಿಕೊಳ್ಳಲಿ ಎಂಬುದು ಅದರ ಉದ್ದೇಶ.

ಗೊಣಗಿದವರನ್ನು ದೂರುವಂತಿಲ್ಲ. ನೆನಪಿನಲ್ಲಿರುವ ಹುಲ್ಲು ನಿಜವಾದ ಹುಲ್ಲಿಗಿಂತ ಹಸಿರು, ನೆನಪಿನ ಆಕಾಶ ನಿಜವಾದ ಆಕಾಶಕ್ಕಿಂತ ನೀಲಿ. ಬಣ್ಣದ ವಿಜ್ಞಾನದಲ್ಲಿ ಇದು 1960ರ ಸುಮಾರಿನಿಂದಲೇ ಅಳೆದು ದಾಖಲಿಸಿದ ಸಂಗತಿ. ರಜೆಯಲ್ಲಿ ಜೋಗಕ್ಕೋ ಆಗುಂಬೆಗೋ ಹೋಗಿ ತೆಗೆದ ಫೋಟೊವನ್ನು ವಿವಿಡ್‌ನಲ್ಲಿ ನೋಡಿದಾಗ ‘ಹೌದು, ಹೀಗೇ ಇತ್ತು’ ಅನ್ನಿಸುವುದು ಅದಕ್ಕೇ. ಅಲ್ಲಿ ವಿವಿಡ್ ಯಾರಿಗೂ ಮೋಸ ಮಾಡುತ್ತಿಲ್ಲ. ಆ ಬಣ್ಣವನ್ನು ನಂಬಿ ದುಡ್ಡು ಕೊಡುವಾಗ, ಗೋಡೆಯ ಪೇಂಟ್ ಆರಿಸುವಾಗ, ಮಗುವಿನ ಮೈಮೇಲಿನ ಕೆಂಪು ಗುಳ್ಳೆಯ ಫೋಟೊ ನೋಡಿ ಎಷ್ಟು ಕೆಂಪಾಗಿದೆ ಎಂದು ಅಳೆಯುವಾಗ ಮಾತ್ರ ಅದು ದಾರಿ ತಪ್ಪಿಸುತ್ತದೆ.

ಬಿಳಿಯ ವಿಷಯ ಇದಕ್ಕಿಂತ ಸೂಕ್ಷ್ಮ. ಎರಡು ಮೋಡ್‌ಗಳ ನಡುವೆ ಬದಲಿಸಿ ನೋಡಿದರೆ ಮೊದಲು ಕಣ್ಣಿಗೆ ಹೊಡೆಯುವುದೂ ಅದೇ. ವಿವಿಡ್‌ನಿಂದ ನ್ಯಾಚುರಲ್‌ಗೆ ಬಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಪರದೆ ಹಳದಿಯಾಯಿತು.’

ಪರದೆಯ ಬಿಳಿ ಯಾವ ಬಿಳಿಯಾಗಿರಬೇಕು ಎಂಬುದಕ್ಕೂ ಒಪ್ಪಿದ ಗುರುತಿದೆ. ಡಿ65 ಎಂದು ಅದರ ಹೆಸರು. ಸರಾಸರಿ ಹಗಲು ಬೆಳಕಿನ ಬಿಳಿ ಅದು, ಸುಮಾರು 6,500 ಕೆಲ್ವಿನ್. ಈ ಅಳತೆಯಲ್ಲಿ ಸಂಖ್ಯೆ ಏರಿದಂತೆ ಬಿಳಿ ನೀಲಿಯತ್ತ ಹೋಗುತ್ತದೆ, ಇಳಿದಂತೆ ಹಳದಿಯತ್ತ ಬರುತ್ತದೆ. ಮಲಗುವ ಕೋಣೆಯ ಹಳದಿ ಎಲ್‌ಇಡಿ ಬಲ್ಬ್ 3,000 ಕೆಲ್ವಿನ್ ಆಸುಪಾಸಿನದು. ನಮ್ಮ ಮನೆಗಳ ಬೆಳ್ಳನೆಯ ಟ್ಯೂಬ್‌ಲೈಟ್ ಬಹುಪಾಲು 6,500ರದು, ಡಬ್ಬಿಯ ಮೇಲೇ ಬರೆದಿರುತ್ತದೆ. ನ್ಯಾಚುರಲ್ ಮೋಡ್‌ಗಳ ಬಿಳಿ ಈ 6,500ರ ಸಮೀಪ ಇರುತ್ತದೆ. ವಿವಿಡ್‌ನ ಬಿಳಿಯನ್ನು ಬೇಕೆಂದೇ ಅದಕ್ಕಿಂತ ಮೇಲೆ, 7,000ದತ್ತ ಅಥವಾ ಅದನ್ನೂ ದಾಟಿಸಿ ಇಟ್ಟಿರುತ್ತಾರೆ.

ಬೇಕೆಂದೇ ಏಕೆ? ಬಿಳಿ ಪಂಚೆಯನ್ನು ಒಗೆದ ಮೇಲೆ ಕೊನೆಯ ನೀರಿಗೆ ನಾಲ್ಕು ಹನಿ ನೀಲಿ ಹಾಕುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಯೇ ಇಲ್ಲ. ತುಸು ನೀಲಿ ಬೆರೆತ ಬಿಳಿ ಕಣ್ಣಿಗೆ ಹೆಚ್ಚು ಬೆಳ್ಳಗೆ, ಹೆಚ್ಚು ಶುಭ್ರವಾಗಿ ಕಾಣುತ್ತದೆ. ಅಂಗಡಿಯಲ್ಲಿ ಎರಡು ಫೋನುಗಳನ್ನು ಅಕ್ಕಪಕ್ಕ ಇಟ್ಟರೆ ನೀಲಿ ಬಿಳಿಯ ಫೋನೇ ಗೆಲ್ಲುತ್ತದೆ.

ಆದರೆ ಸೀರೆಗೆ ಇದರಿಂದ ಎರಡನೆಯ ಪೆಟ್ಟು. ಬಿಳಿ ನೀಲಿಯತ್ತ ಸರಿದರೆ ಅದರೊಂದಿಗೆ ಎಲ್ಲ ಬಣ್ಣಗಳೂ ಸರಿಯುತ್ತವೆ. ಕೆಂಪಿಗೆ ನೀಲಿ ಸೇರಿದರೆ ಅದು ರಾಣಿಬಣ್ಣದ ಕಡೆಗೆ ಹೊರಳುತ್ತದೆ, ಅರಿಶಿನ ಬಣ್ಣದ ದಡಿ ನಿಂಬೆಯತ್ತ ತಣ್ಣಗಾಗುತ್ತದೆ. ಗಾಢತೆ ಹೆಚ್ಚಿದ್ದರಿಂದ ಕುಂಕುಮವಾದ ದಾಳಿಂಬೆ, ಬಿಳಿ ತಪ್ಪಿದ್ದರಿಂದ ಇನ್ನೊಂದು ಹೆಜ್ಜೆ ಬೇರೆ ಕಡೆಗೆ ಹೋಗುತ್ತದೆ. ಹಾಗಾಗಿ ಬಣ್ಣದ ಮೋಡ್ ಆರಿಸುವುದಕ್ಕಿಂತ ಮೊದಲು ಬಿಳಿಯನ್ನು ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಬಿಳಿ ತಪ್ಪಿದ ಪರದೆಯ ಮೇಲೆ ಕೆಂಪು ಸರಿಯೋ ತಪ್ಪೋ ಎಂದು ಚರ್ಚಿಸಿ ಪ್ರಯೋಜನವಿಲ್ಲ.

ಇಲ್ಲಿ ನಮ್ಮ ಕಣ್ಣು ನಮಗೇ ಸಾಕ್ಷಿ ಹೇಳದು. ಯಾವ ಬೆಳಕಿನಲ್ಲಿದ್ದೇವೋ ಆ ಬೆಳಕನ್ನೇ ಬಿಳಿ ಎಂದು ಒಪ್ಪಿಕೊಳ್ಳುವ ಗುಣ ಕಣ್ಣಿಗಿದೆ. ಈ ಹೊಂದಾಣಿಕೆಯ ಬಹುಪಾಲು ಒಂದೆರಡು ನಿಮಿಷಗಳಲ್ಲೇ ಆಗಿಹೋಗುತ್ತದೆ. ನೀಲಿ ಬಿಳಿಗೆ ಹೊಂದಿಕೊಂಡ ಕಣ್ಣಿಗೆ ಸರಿಯಾದ ಬಿಳಿ ಹಳದಿಯಾಗಿ ಕಾಣುವುದು ಇದರಿಂದಲೇ. ಆ ಮೊದಲ ನೋಟದ ಮಾತು ಕೇಳಿ ಹಿಂದಿನ ಮೋಡ್‌ಗೆ ಮರಳುವವರೇ ಹೆಚ್ಚು. ಮೋಡ್ ಬದಲಿಸಿ, ಪತ್ರಿಕೆಯ ಒಂದು ಲೇಖನ ಓದಿ ಮುಗಿಸಿ, ಆಮೇಲೆ ಬಿಳಿಯ ಬಗ್ಗೆ ತೀರ್ಮಾನ ಮಾಡಿ. ಅಷ್ಟರಲ್ಲಿ ಹಳದಿ ಬಹುಪಾಲು ಮಾಯವಾಗಿರುತ್ತದೆ.

ಬಿಳಿಯನ್ನು ಕೈಯಾರೆ ಹೊಂದಿಸುವ ಬಗೆಯನ್ನು ಗ್ಯಾಲಕ್ಸಿ ಫೋನನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ನಮ್ಮಲ್ಲಿ ಅದು ಬಹಳ ಕೈಗಳಲ್ಲಿದೆ, ಅದರ ಮೆನುವೂ ಇದಕ್ಕೆ ಅನುಕೂಲವಾಗಿದೆ. ಸೆಟ್ಟಿಂಗ್ಸ್, ಅದರಲ್ಲಿ ಡಿಸ್‌ಪ್ಲೇ, ಅದರಲ್ಲಿ ಸ್ಕ್ರೀನ್ ಮೋಡ್. ಅಲ್ಲಿ ವಿವಿಡ್, ನ್ಯಾಚುರಲ್ ಎರಡೂ ಕಾಣುತ್ತವೆ. ಕಡಿಮೆ ಬೆಲೆಯ ಕೆಲವು ಎಲ್‌ಸಿಡಿ ಮಾದರಿಗಳಲ್ಲಿ ಈ ಮೆನುವೇ ಇರುವುದಿಲ್ಲ. ವಿವಿಡ್ ಆರಿಸಿದರೆ ಕೆಳಗೆ ವೈಟ್ ಬ್ಯಾಲೆನ್ಸ್ ಎಂಬ ಸ್ಲೈಡರ್ ಬರುತ್ತದೆ, ಒಂದು ತುದಿ ಕೂಲ್, ಇನ್ನೊಂದು ತುದಿ ವಾರ್ಮ್. ಅದರ ಕೆಳಗಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಒತ್ತಿದರೆ ಕೆಂಪು, ಹಸಿರು, ನೀಲಿಗೆ ಒಂದೊಂದು ಪ್ರತ್ಯೇಕ ಸ್ಲೈಡರ್. ನ್ಯಾಚುರಲ್ ಆರಿಸಿದರೆ ಈ ಸ್ಲೈಡರುಗಳೆಲ್ಲ ಮಾಯ. ಅದರ ಬಿಳಿಯನ್ನು ಕಾರ್ಖಾನೆಯಲ್ಲೇ ಹೊಂದಿಸಿರುವುದರಿಂದ ಬಳಸುವವರು ಕೈಹಾಕಬಾರದು ಎಂಬ ಎಣಿಕೆ ಇರಬೇಕು. ಇದು ನನಗೆ ಒಪ್ಪಿಗೆಯಾಗದ ಏರ್ಪಾಡು. ಬಣ್ಣ ಸಹಜವಾಗಿ ಬೇಕು, ಆದರೆ ತನ್ನ ಪರದೆಯ ಬಿಳಿ ಮಾತ್ರ ತುಸು ಹಸಿರಾಗಿದೆ ಎನ್ನುವವರಿಗೆ ಅಲ್ಲಿ ದಾರಿಯೇ ಇಲ್ಲ.

ಹೊಂದಿಸಲು ಕೂರುವ ಮುನ್ನ ಬಣ್ಣವನ್ನೋ ಹೊಳಪನ್ನೋ ತಂತಾನೆ ಬದಲಿಸುವ ಸೌಲಭ್ಯಗಳನ್ನೆಲ್ಲ ಆಫ್ ಮಾಡಬೇಕು. ರಾತ್ರಿ ಪರದೆಯನ್ನು ಹಳದಿಯಾಗಿಸುವ ಐ ಕಂಫರ್ಟ್ ಶೀಲ್ಡ್ ಮೊದಲನೆಯದು. ಅದನ್ನು ಆನ್ ಮಾಡಿಟ್ಟೇ ಬಿಳಿ ಸರಿಪಡಿಸಲು ಹೋದರೆ ಬೆಳಗ್ಗೆ ಫೋನು ನೀಲಿಗಟ್ಟಿರುತ್ತದೆ. ಸುತ್ತಲ ಬೆಳಕು ನೋಡಿ ಹೊಳಪು ಬದಲಿಸುವ ಅಡಾಪ್ಟಿವ್ ಬ್ರೈಟ್‌ನೆಸ್ ಎರಡನೆಯದು.

ಇನ್ನು ಹೋಲಿಸಿ ನೋಡಲು ಒಂದು ಬಿಳಿ ಬೇಕು. ಜೆರಾಕ್ಸ್ ಹಾಳೆ ಎಲ್ಲರ ಮನೆಯಲ್ಲೂ ಸಿಗುತ್ತದೆ, ಆದರೆ ಅದನ್ನು ಹೆಚ್ಚು ಬೆಳ್ಳಗೆ ಕಾಣಿಸಲು ತಯಾರಿಕೆಯಲ್ಲೇ ಹೊಳಪು ಕೊಡುವ ರಾಸಾಯನಿಕ ಸೇರಿಸಿರುತ್ತಾರೆ. ಹಗಲು ಬೆಳಕಿನಲ್ಲಿ ಅದು ತುಸು ನೀಲಿ ಹೊಮ್ಮಿಸುತ್ತದೆ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ಗ್ರೇ ಕಾರ್ಡ್, ಅಂದರೆ ಯಾವ ಬಣ್ಣಕ್ಕೂ ವಾಲದ ಬೂದು ರಟ್ಟು, ಇದಕ್ಕಿಂತ ಎಷ್ಟೋ ನಂಬಿಕಸ್ಥ. ಅದಿಲ್ಲದಿದ್ದರೆ ಜೆರಾಕ್ಸ್ ಹಾಳೆಯೇ ಇರಲಿ, ಆದರೆ ಪರದೆಯನ್ನು ಅದರಷ್ಟು ನೀಲಿಯಾಗಿಸಲು ಹೋಗಬೇಡಿ.

ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಕೂರಬೇಕು. ನೇರ ಬಿಸಿಲು 6,500ಕ್ಕಿಂತ ಹಳದಿ. ಮೋಡವಿಲ್ಲದ ನೀಲಿ ಆಕಾಶದ ಬೆಳಕು ಮಾತ್ರ ಬೀಳುತ್ತಿದ್ದರೆ ಅದು 6,500ಕ್ಕಿಂತ ಬಹಳ ನೀಲಿ. ಈ ಕೆಲಸಕ್ಕೆ ಹೇಳಿಮಾಡಿಸಿದ್ದು ಮಳೆಗಾಲದ ಮಧ್ಯಾಹ್ನ, ಆಕಾಶ ಪೂರ್ತಿ ಮೋಡ ಮುಚ್ಚಿಕೊಂಡಾಗಿನ ಬೆಳಕು. ಅದು ಡಿ65ಕ್ಕೆ ಹತ್ತಿರ ಬರುತ್ತದೆ. ಕೋಣೆಯ ದೀಪಗಳೆಲ್ಲ ಆರಿರಲಿ.

ಫೋನಿನಲ್ಲಿ ಖಾಲಿ ಬಿಳಿ ಚಿತ್ರವೊಂದನ್ನು ತೆರೆಯಿರಿ. ಪಕ್ಕದಲ್ಲಿ ಹಾಳೆ ಇಟ್ಟು, ಹಾಳೆಯೂ ಪರದೆಯೂ ಒಂದೇ ಹೊಳಪಿನಲ್ಲಿ ಕಾಣುವ ತನಕ ಬ್ರೈಟ್‌ನೆಸ್ ಏರಿಳಿಸಿ. ಈ ಹಂತವನ್ನು ಬಿಡುವಂತಿಲ್ಲ, ಏಕೆಂದರೆ ಹೊಳಪು ಬೇರೆಯಾದರೆ ಕಣ್ಣು ಅದನ್ನೇ ಬಣ್ಣದ ವ್ಯತ್ಯಾಸವೆಂದು ತಿಳಿಯುತ್ತದೆ. ಬೂದು ರಟ್ಟು ಇಟ್ಟಿದ್ದರೆ ಬಿಳಿಯ ಬದಲು ಬೂದು ಚಿತ್ರ ತೆರೆಯಬೇಕು. ಪರದೆಯನ್ನು ನೇರವಾಗಿ ಎದುರಿನಿಂದ ನೋಡಬೇಕು. ಅಮೊಲೆಡ್ ಪರದೆಯನ್ನು ಓರೆಯಾಗಿ ನೋಡಿದರೆ ಬಿಳಿಗೆ ನೀಲಿಯೋ ಹಸಿರೋ ಛಾಯೆ ಬರುವುದುಂಟು. ಅದು ಪರದೆಯ ಪದರಗಳ ಗುಣ, ಯಾವ ಸ್ಲೈಡರಿಗೂ ಬಗ್ಗದು.

ಈಗ ಸ್ಲೈಡರನ್ನು ವಾರ್ಮ್ ಕಡೆಗೆ ಒಂದು ಹೆಜ್ಜೆ ಸರಿಸಿ, ನಿಂತು ನೋಡಿ. ಹೊಸ ವಿವಿಡ್ ಫೋನುಗಳಲ್ಲಿ ಹೆಚ್ಚಾಗಿ ಒಂದೆರಡು ಹೆಜ್ಜೆಯಲ್ಲಿ ನೀಲಿ ಹೋಗುತ್ತದೆ. ನೀಲಿ ಹೋಯಿತು, ಆದರೂ ಹಾಳೆಗೂ ಪರದೆಗೂ ಏನೋ ಹೊಂದುತ್ತಿಲ್ಲ, ಪರದೆ ತುಸು ಹಸಿರು ಅನ್ನಿಸುತ್ತಿದೆ. ಇದು ಬಹಳ ಸಾಮಾನ್ಯ. ಕಾರಣ ಸರಳ: ಕೂಲ್‌-ವಾರ್ಮ್ ಸ್ಲೈಡರ್ ಓಡಾಡುವುದು ನೀಲಿ ಮತ್ತು ಹಳದಿಯ ನಡುವಿನ ಒಂದೇ ರಸ್ತೆಯಲ್ಲಿ. ಬಿಳಿ ಅದಕ್ಕೆ ಅಡ್ಡಲಾಗಿ, ಹಸಿರು ಮತ್ತು ಗುಲಾಬಿಯ ನಡುವಿನ ದಾರಿಯಲ್ಲೂ ತಪ್ಪಬಹುದು. ಅಲ್ಲಿಗೆ ಈ ಸ್ಲೈಡರ್ ತಲುಪುವುದಿಲ್ಲ. ಹಸಿರು ಹೋಗಲಿಲ್ಲವೆಂದು ಇನ್ನೂ ವಾರ್ಮ್ ಕಡೆಗೆ ತಳ್ಳಿದರೆ ಪರದೆ ಹಸಿರು ಕಳೆಯದೆಯೇ ಹಳದಿಯೂ ಆಗುತ್ತದೆ.

ಆಗ ಅಡ್ವಾನ್ಸ್ಡ್ ಒಳಗಿನ ಮೂರು ಸ್ಲೈಡರುಗಳಿಗೆ ಹೋಗಬೇಕು. ಅವು ಸಾಮಾನ್ಯವಾಗಿ ಮೂರೂ ಬಲತುದಿಯಲ್ಲೇ ನಿಂತಿರುತ್ತವೆ. ಪರದೆಯ ಕೆಂಪು, ಹಸಿರು, ನೀಲಿ ಚುಕ್ಕಿಗಳು ತಮ್ಮ ಶಕ್ತಿ ಮೀರಿ ಬೆಳಗಲಾರವು. ಆದ್ದರಿಂದ ಸರಿಪಡಿಸುವುದೆಂದರೆ ಯಾವುದೋ ಒಂದನ್ನು ತಗ್ಗಿಸುವುದೇ. ಬಿಳಿ ಹಸಿರಾಗಿದ್ದರೆ ಹಸಿರಿನ ಸ್ಲೈಡರನ್ನು ಕೂದಲೆಳೆಯಷ್ಟು ಎಡಕ್ಕೆ. ಗುಲಾಬಿಯಾಗಿದ್ದರೆ ಕೆಂಪು, ನೀಲಿ ಎರಡನ್ನೂ ಕೂದಲೆಳೆಯಷ್ಟು ಎಡಕ್ಕೆ. ಮೂರನ್ನೂ ತಗ್ಗಿಸಿದ್ದೀರಿ ಎಂದರೆ ಏನೋ ತಪ್ಪಾಗಿದೆ, ಹೊಳಪು ಸುಮ್ಮನೆ ಪೋಲಾಗುತ್ತಿದೆ. ಮತ್ತೆ ಬಲತುದಿಗೆ ತಂದು ಮೊದಲಿನಿಂದ ಶುರುಮಾಡುವುದು ಒಳ್ಳೆಯದು.

ಈ ಹೊಳಪಿನ ಲೆಕ್ಕ ತಿಳಿದಿರುವುದು ಅನುಕೂಲ. ಬಿಳಿಯ ನೂರು ಪಾಲು ಹೊಳಪಿನಲ್ಲಿ ಎಸ್‌ಆರ್‌ಜಿಬಿ ಅಳತೆಯ ಪ್ರಕಾರ ಸುಮಾರು 72 ಪಾಲು ಹಸಿರಿನದು, 21 ಕೆಂಪಿನದು, ನೀಲಿಯದು ಬರೀ 7. ಹೀಗಾಗಿ ನೀಲಿ ತಗ್ಗಿಸಿ ಬಿಳಿಯನ್ನು ಬೆಚ್ಚಗಾಗಿಸಿದರೆ ಹೊಳಪು ತಗ್ಗಿದ್ದೇ ಗೊತ್ತಾಗುವುದಿಲ್ಲ. ಹಸಿರು ತಗ್ಗಿಸಿದರೆ ಬಿಸಿಲಿನಲ್ಲಿ ಪರದೆ ಓದುವಾಗ ಅದರ ಬೆಲೆ ತಿಳಿಯುತ್ತದೆ.

ಬಿಳಿ ಹೊಂದಿದ ಮೇಲೆ ಪರೀಕ್ಷೆ. ಮನುಷ್ಯರ ಮುಖ ನೋಡಿ ಹೊಂದಿಸಲು ಹೋಗಬೇಡಿ. ಮುಖ ಹೇಗಿದ್ದರೆ ಚೆಂದ ಎಂಬ ಆಸೆ ನಡುವೆ ನುಸುಳುತ್ತದೆ, ಕೈ ತಾನಾಗಿ ಕೆಂಪಿನ ಕಡೆ ಹೋಗುತ್ತದೆ. ಅದರ ಬದಲು ಯಾವ ಬಣ್ಣವೂ ಇಲ್ಲದ ವಸ್ತುಗಳಿರುವ ಫೋಟೊ ಹಗಲಲ್ಲಿ ತೆಗೆದು ನೋಡಿ. ಸ್ಟೀಲ್ ಪಾತ್ರೆ, ಸಿಮೆಂಟ್ ಕಟ್ಟೆ, ವಿಭೂತಿಗಟ್ಟಿ. ಇವುಗಳಲ್ಲಿ ಯಾವುದಕ್ಕೂ ಹಸಿರೋ ಗುಲಾಬಿಯೋ ಹತ್ತಿರಬಾರದು. ಆಮೇಲೆ ರಾತ್ರಿ ಕತ್ತಲ ಕೋಣೆಯಲ್ಲಿ ಬ್ರೈಟ್‌ನೆಸ್ ಪೂರ್ತಿ ಇಳಿಸಿ, ಕಡುಬೂದು ಚಿತ್ರವೊಂದನ್ನು ತೆರೆಯಿರಿ. ಹಗಲಲ್ಲಿ ಸರಿಯಿದ್ದ ಬೂದು ಇಲ್ಲಿ ಹಸಿರೋ ನೇರಳೆಯೋ ಆಗಿ ಕಂಡರೆ ಸ್ಲೈಡರುಗಳನ್ನು ಮುಟ್ಟಬೇಡಿ. ಅತಿ ಕಡಿಮೆ ಬೆಳಕಿನಲ್ಲಿ ಮೂರು ಬಗೆಯ ಚುಕ್ಕಿಗಳನ್ನು ಸಮವಾಗಿ ಬೆಳಗಿಸುವುದು ಅಮೊಲೆಡ್‌ಗೆ ಕಷ್ಟ. ಅದನ್ನು ಸರಿಪಡಿಸಲು ಹೋದರೆ ಹಗಲಿನ ಬಿಳಿ ಕೆಡುತ್ತದೆ.

ಮೋಡ್ ಬದಲಾಯಿಸಿದ್ದನ್ನು ಇನ್ನೊಬ್ಬರಿಗೆ ತೋರಿಸಲು ಸ್ಕ್ರೀನ್‌ಶಾಟ್ ಕಳಿಸುವವರಿದ್ದಾರೆ. ಅದರಲ್ಲಿ ಏನೂ ಕಾಣುವುದಿಲ್ಲ. ಸ್ಕ್ರೀನ್‌ಶಾಟ್ ಎಂಬುದು ಮೂಲ ಸಂಖ್ಯೆಗಳ ಪ್ರತಿ. ಹಿಗ್ಗಿಸುವುದು, ಬಿಳಿ ಸರಿಸುವುದು ಎಲ್ಲ ಅದಾದ ಮೇಲೆ, ಪರದೆಗೆ ಹೋಗುವ ದಾರಿಯಲ್ಲಿ ನಡೆಯುತ್ತದೆ. ನಮ್ಮ ಫೋನಿನ ವಿವಿಡ್ ನಮ್ಮ ಕಣ್ಣಿಗೆ ಮಾತ್ರ. ಸೀರೆ ಅಂಗಡಿಯವರಿಗೆ ಇದು ಮುಖ್ಯವಾದ ಸಂಗತಿ. ವಿವಿಡ್ ಪರದೆಯಲ್ಲಿ ನೋಡಿ, ‘ಬಣ್ಣ ಜಾಸ್ತಿಯಾಯಿತು’ ಎಂದು ಫೋಟೊವನ್ನು ಎಡಿಟ್ ಮಾಡಿ ಮಂಕಾಗಿಸಿ ಕಳಿಸಿದರೆ, ನ್ಯಾಚುರಲ್ ಇಟ್ಟುಕೊಂಡ ಗಿರಾಕಿಗೆ ಮಾಸಿದ ಸೀರೆ ಕಾಣುತ್ತದೆ. ಮಾರಾಟಕ್ಕಾಗಿ ಫೋಟೊ ತೆಗೆಯುವವರು ನ್ಯಾಚುರಲ್‌ನಲ್ಲೇ ಇರುವುದು ಕ್ಷೇಮ. ಅದಕ್ಕಿಂತಲೂ ಮೊದಲು, ಸೀರೆಯನ್ನು ಅಂಗಡಿಯ ಎಲ್‌ಇಡಿ ಬೆಳಕಿನಿಂದ ಹೊರಗೆ ಜಗುಲಿಯ ನೆರಳಿಗೆ ತಂದು ಫೋಟೊ ತೆಗೆಯಬೇಕು. ಕ್ಯಾಮೆರಾ ತಪ್ಪಾಗಿ ದಾಖಲಿಸಿದ ಕೆಂಪನ್ನು ನ್ಯಾಚುರಲ್ ಮೋಡ್ ತಿದ್ದಲಾರದು, ತಪ್ಪನ್ನೇ ನಿಷ್ಠೆಯಿಂದ ತೋರಿಸುತ್ತದೆ.

ಬೇರೆ ಫೋನುಗಳ ಮಾತು ಚುಟುಕಾಗಿ. ಶಿಯೋಮಿಯಲ್ಲಿ ಇದಕ್ಕೆ ಕಲರ್ ಸ್ಕೀಮ್ ಎಂಬ ಪುಟವಿದೆ, ಬಿಳಿ ಸರಿಪಡಿಸಲು ದುಂಡನೆಯ ಬಣ್ಣದ ಚಕ್ರವಿರುತ್ತದೆ. ಚಕ್ರದಲ್ಲಿ ಬೆರಳು ಎಲ್ಲ ದಿಕ್ಕಿಗೂ ಓಡುವುದರಿಂದ ಹಸಿರು-ಗುಲಾಬಿಯ ತಪ್ಪನ್ನೂ ಅಲ್ಲೇ ತಿದ್ದಬಹುದು. ಒನ್‌ಪ್ಲಸ್‌ನಲ್ಲಿ ಸ್ಕ್ರೀನ್ ಕಲರ್ ಮೋಡ್ ಎಂದಿರುತ್ತದೆ. ಐಫೋನಿನಲ್ಲಿ ವಿವಿಡ್, ನ್ಯಾಚುರಲ್ ಎಂಬ ಆಯ್ಕೆಯೇ ಇಲ್ಲ, ಅದು ನ್ಯಾಚುರಲ್‌ನಂತೆ ಲೆಕ್ಕ ಮಾಡಿಯೇ ತೋರಿಸುತ್ತದೆ. ಅಲ್ಲಿನ ಟ್ರೂ ಟೋನ್ ಕೋಣೆಯ ಬೆಳಕನ್ನು ಅಳೆದು ಬಿಳಿಯನ್ನು ಅದರತ್ತ ವಾಲಿಸುತ್ತದೆ. ಓದಲು ಅದು ಹಿತ, ಆದರೆ ಸೀರೆ ಆರಿಸುವಾಗ ಅದನ್ನು ಆಫ್ ಮಾಡಿಡಬೇಕು. ಹಳದಿ ಬಲ್ಬಿನ ಕೋಣೆಯಲ್ಲಿ ಅದು ಬಿಳಿಯನ್ನೂ ಅದರೊಂದಿಗೆ ಸೀರೆಯನ್ನೂ ಹಳದಿಯತ್ತ ಒಯ್ಯುತ್ತದೆ. ಐಫೋನಿನ ಆಕ್ಸೆಸಿಬಿಲಿಟಿ ಪುಟದಲ್ಲಿರುವ ರೆಡ್ಯೂಸ್ ವೈಟ್ ಪಾಯಿಂಟ್ ಈ ಕೆಲಸದ್ದಲ್ಲ. ಅದು ಕಣ್ಣು ಕುಕ್ಕುವ ಹೊಳಪನ್ನು ತಗ್ಗಿಸುತ್ತದೆಯೇ ಹೊರತು ಬಿಳಿಯ ಬಣ್ಣವನ್ನು ಬದಲಿಸುವುದಿಲ್ಲ.

ನ್ಯಾಚುರಲ್ ಪರವಾಗಿ ಇಷ್ಟು ಹೇಳಿದ ಮೇಲೂ ವಿವಿಡ್ ಅನ್ನು ಕೈಬಿಡಿ ಎನ್ನಲಾರೆ. ಬಿಸಿಲಿನಲ್ಲಿ ನಿಂತು ಫೋನ್ ನೋಡುವಾಗ ಗಾಜಿನ ಮೇಲೆ ಬಿದ್ದು ಮರಳುವ ಬೆಳಕು ಪರದೆಯ ಎಲ್ಲ ಬಣ್ಣಗಳಿಗೂ ಬಿಳಿ ಬೆರೆಸಿದಂತೆ ಮಾಡುತ್ತದೆ. ನ್ಯಾಚುರಲ್ ಅಲ್ಲಿ ಇರಬೇಕಾದ್ದಕ್ಕಿಂತ ಪೇಲವವಾಗುತ್ತದೆ. ವಿವಿಡ್‌ನ ಹೆಚ್ಚುವರಿ ಗಾಢತೆ ಆ ನಷ್ಟವನ್ನು ಒಂದಿಷ್ಟು ತುಂಬುತ್ತದೆ. ದಿನವಿಡೀ ಹೊಲದಲ್ಲೋ ಡೆಲಿವರಿ ಬೈಕಿನ ಮೇಲೋ ಇರುವವರಿಗೆ ವಿವಿಡ್ ಇರಲಿ, ಬಿಳಿಯನ್ನು ಮಾತ್ರ ಒಂದು ಹೆಜ್ಜೆ ವಾರ್ಮ್ ಕಡೆಗೆ ತಂದುಕೊಂಡರೆ ಸಾಕು. ಬಟ್ಟೆ, ಪೇಂಟ್, ಒಡವೆ, ಮುದ್ರಣದ ಕೆಲಸದವರಿಗೆ ನ್ಯಾಚುರಲ್ಲೇ ಸರಿ. ನಡುವಿನ ನಮ್ಮಂಥವರು ಕೊಳ್ಳುವ ಹೊತ್ತಿಗೆ ನ್ಯಾಚುರಲ್‌ಗೆ ಬದಲಿಸಿ, ಒಂದೆರಡು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಟ್ಟು, ಆಮೇಲೆ ಫೋಟೊ ತೆರೆದರೆ ಆಯಿತು.

ಇಷ್ಟೆಲ್ಲ ಮಾಡಿದರೂ ಎರಡು ಪರದೆಗಳ ಬಿಳಿ ಕೂದಲೆಳೆಯ ವ್ಯತ್ಯಾಸವಿಲ್ಲದೆ ಹೊಂದುವುದು ಕಷ್ಟ. ಅಮೊಲೆಡ್ ಪರದೆಯ ಬಿಳಿಗೂ ಎಲ್‌ಸಿಡಿ ಪರದೆಯ ಬಿಳಿಗೂ ಅಳತೆಯ ಯಂತ್ರ ಒಂದೇ ಅಂಕಿ ಕೊಟ್ಟರೂ ಕಣ್ಣಿಗೆ ಅವು ಬೇರೆಬೇರೆಯಾಗಿ ಕಾಣಬಹುದು. ಒಂದೊಂದು ಬಗೆಯ ಪರದೆ ಬಿಳಿಯನ್ನು ಬೇರೆಬೇರೆ ಬೆಳಕುಗಳಿಂದ ಬೆರೆಸುತ್ತದೆ. ಆ ಬೆರಕೆಯನ್ನು ಪ್ರತಿಯೊಬ್ಬರ ಕಣ್ಣೂ ತುಸು ಬೇರೆಯಾಗಿ ಓದುತ್ತದೆ, ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುವುದೂ ಇದಕ್ಕೆ ಸೇರುತ್ತದೆ. ತಾಯಿಗೆ ಸರಿ ಕಂಡದ್ದು ಮಗಳಿಗೆ ಹಸಿರು ಕಂಡರೆ ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ.

ಪರದೆಗೂ ವಯಸ್ಸಾಗುತ್ತದೆ. ಅಮೊಲೆಡ್‌ನ ನೀಲಿ ಚುಕ್ಕಿಗಳು ಉಳಿದೆರಡಕ್ಕಿಂತ ಬೇಗ ಸವೆಯುವುದರಿಂದ ವರ್ಷಗಳು ಕಳೆದಂತೆ ಬಿಳಿ ಹಳದಿಯತ್ತ ಜರುಗುತ್ತದೆ. ಹೊಸದರಲ್ಲಿ ವಾರ್ಮ್ ಕಡೆಗೆ ಸರಿಸಿದ್ದ ಸ್ಲೈಡರನ್ನು ಹಳೆಯ ಫೋನಿನಲ್ಲಿ ಕೂಲ್ ಕಡೆಗೆ ಮರಳಿಸಬೇಕಾಗಬಹುದು. ಪರದೆ ಒಡೆದು ಬೇರೆ ತಯಾರಿಕೆಯ ಡಿಸ್‌ಪ್ಲೇ ಹಾಕಿಸಿದ್ದರೆ ಕಾರ್ಖಾನೆಯಲ್ಲಿ ಮೂಲ ಪರದೆಗೆಂದು ಅಳೆದಿಟ್ಟ ಲೆಕ್ಕ ಹೊಸದಕ್ಕೆ ಹೊಂದುವುದಿಲ್ಲ. ನ್ಯಾಚುರಲ್ ಎಂಬ ಹೆಸರು ಮೆನುವಿನಲ್ಲಿ ಉಳಿದರೂ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಅಂಥ ಫೋನಿನಲ್ಲಿ ವಿವಿಡ್ ಇಟ್ಟು ಮೂರು ಸ್ಲೈಡರುಗಳಿಂದ ಬಿಳಿ ತಿದ್ದಿಕೊಳ್ಳುವುದೇ ವಾಸಿ. ಹೊಂದಿಸಿದ ಜಾಗಗಳನ್ನು ಇನ್ನೊಂದು ಫೋನಿನಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಲೈಡರುಗಳ ಪಕ್ಕ ಅಂಕಿಗಳಿರುವುದಿಲ್ಲ, ಫೋನ್ ರೀಸೆಟ್ ಮಾಡಿದರೆ ಎಲ್ಲವೂ ಬಲತುದಿಗೆ ಮರಳಿರುತ್ತವೆ.